ಮೂರು ಕಡೆಗೆ ಒಂದೇ ನೇರಪ್ರಸಾರ: ಅಪ್‌ಲೋಡ್ ಲೆಕ್ಕ

ಪ್ರಶ್ನೆ: ನಮ್ಮೂರಿನ ಬಯಲಿನಲ್ಲಿ ರಾತ್ರಿಯಿಡೀ ನಡೆಯುವ ಯಕ್ಷಗಾನವನ್ನು ಎರಡು ಯೂಟ್ಯೂಬ್ ಚಾನೆಲ್ ಮತ್ತು ಒಂದು ಫೇಸ್‌ಬುಕ್ ಪುಟಕ್ಕೆ ಒಟ್ಟಿಗೆ ಬಿಡಬೇಕು. ಸ್ಪೀಡ್ ಟೆಸ್ಟ್‌ನಲ್ಲಿ ಅಪ್‌ಲೋಡ್ 20 ಎಂಬಿಪಿಎಸ್ ಬರುತ್ತದೆ. 1080ಪಿಗೆ 6000 ಬಿಟ್‌ರೇಟ್ ಇಟ್ಟರೆ ಸಾಕಾಗುತ್ತದೆಯೇ?

ಉತ್ತರ:

ಕಾಗದದ ಮೇಲೆ ಸಾಕಾಗುತ್ತದೆ, ಬಯಲಿನಲ್ಲಿ ಸಾಕಾಗುವುದಿಲ್ಲ. ನೇರಪ್ರಸಾರದ ತಂತ್ರಾಂಶವಾದ ಒಬಿಎಸ್‌ನಲ್ಲಿ ನೀವು ಬರೆಯುವ 6000 ಎಂಬುದು ಚಿತ್ರದ ಕೆಬಿಪಿಎಸ್ ಮಾತ್ರ. ಅದಕ್ಕೆ ಧ್ವನಿಯ 128 ಸೇರಿದರೆ ಒಂದು ಪ್ರಸಾರಕ್ಕೆ 6128 ಆಗುತ್ತದೆ. ಹಲವು ಕಡೆಗೆ ಕಳಿಸುವ ಪ್ಲಗಿನ್ ಹಾಕಿಕೊಂಡರೆ ಮೂರೂ ಪ್ರಸಾರಗಳು ಒಂದೇ ಎನ್‌ಕೋಡರನ್ನು ಹಂಚಿಕೊಳ್ಳಬಹುದು, ಹಾಗಾಗಿ ಕಂಪ್ಯೂಟರಿಗೆ ಮೂರು ಪಟ್ಟು ಹೊರೆ ಬೀಳುವುದಿಲ್ಲ. ಆದರೆ ಅಪ್‌ಲೋಡ್ ಮಾತ್ರ ಮೂರು ಪಟ್ಟಾಗಿಯೇ ಹೋಗುತ್ತದೆ. ಒಟ್ಟು 18.4 ಎಂಬಿಪಿಎಸ್ ಬೇಕು, ನಿಮ್ಮಲ್ಲಿರುವುದು 20. ಹೆಚ್ಚಿನವರು ಎಡವುವುದು ಇಲ್ಲಿಯೇ, ನಾನೂ ಮೊದಲ ಬಾರಿ ಎಡವಿದ್ದು ಇಲ್ಲಿಯೇ.

ಸ್ಪೀಡ್ ಟೆಸ್ಟ್ ಕೆಲವೇ ಸೆಕೆಂಡುಗಳ ಕಾಲ, ಹಲವು ಸಂಪರ್ಕಗಳನ್ನು ಒಟ್ಟಿಗೆ ತೆರೆದು, ಸಾಮಾನ್ಯವಾಗಿ ಹತ್ತಿರದ ಸರ್ವರಿಗೆ ಅಳೆಯುತ್ತದೆ. ಅದು ಕೊಡುವುದು ನಿಮ್ಮ ಲೈನಿನ ಒಳ್ಳೆಯ ಗಳಿಗೆಯ ಅಂಕಿ. ನೇರಪ್ರಸಾರಕ್ಕೆ ಬೇಕಾದದ್ದು ಕೆಟ್ಟ ಗಳಿಗೆಯ ಅಂಕಿ. ಒಬಿಎಸ್ ಚಿತ್ರ ಕಳಿಸುವ ಆರ್‌ಟಿಎಂಪಿ ವಿಧಾನ ಟಿಸಿಪಿ ಮೇಲೆ ಹೋಗುವುದರಿಂದ ದಾರಿಯಲ್ಲಿ ಕಳೆದುಹೋದ ಪ್ರತಿಯೊಂದು ಪ್ಯಾಕೆಟ್ಟನ್ನು ಮತ್ತೆ ಕಳಿಸಬೇಕಾಗುತ್ತದೆ, ಅಷ್ಟರೊಳಗೆ ಹೊಸ ಫ್ರೇಮುಗಳು ಹಿಂದೆ ಸಾಲುಗಟ್ಟುತ್ತವೆ. ಲೈನಿನಲ್ಲಿ ಬಿಡುವಿದ್ದರೆ ಆ ಸಾಲು ಒಂದೆರಡು ಸೆಕೆಂಡಿನಲ್ಲಿ ಕರಗುತ್ತದೆ. ಬಿಡುವಿಲ್ಲದಿದ್ದರೆ ಸಾಲು ಬೆಳೆಯುತ್ತಲೇ ಹೋಗಿ, ಕೊನೆಗೆ ಒಬಿಎಸ್ ಫ್ರೇಮುಗಳನ್ನು ಎಸೆಯಲು ತೊಡಗುತ್ತದೆ. 20ರಲ್ಲಿ 18.4 ತುಂಬಿಸಿದ ಲೈನಿಗೆ ಚೇತರಿಸಿಕೊಳ್ಳಲು ಜಾಗವೇ ಉಳಿಯುವುದಿಲ್ಲ.

ನನ್ನ ಅನುಭವವೂ ಇಂಥದ್ದೇ ಬಯಲಿನದು. ಮಧ್ಯಾಹ್ನ ರಂಗಸ್ಥಳ ಕಟ್ಟುತ್ತಿದ್ದಾಗ ಅಳೆದರೆ 4ಜಿ ರೂಟರಿನಲ್ಲಿ 18 ಬಂತು. ರಾತ್ರಿ ಜನ ಸೇರಿ, ಪ್ರತಿಯೊಬ್ಬರೂ ಮೊಬೈಲಿನಲ್ಲಿ ವಿಡಿಯೋ ಕಳಿಸಲು ತೊಡಗಿದ ಮೇಲೆ ಅದೇ ರೂಟರಿನಲ್ಲಿ 5 ಕೂಡ ನಿಲ್ಲಲಿಲ್ಲ. ಎಲ್ಲರೂ ಕಾಯುತ್ತಿದ್ದ ಮಹಿಷಾಸುರನ ಪ್ರವೇಶದ ಹೊತ್ತಿಗೆ ಮೂರೂ ಕಡೆ ಚಿತ್ರ ನಿಂತುಹೋಯಿತು. ದೂರದೂರಿನಲ್ಲಿ ಕುಳಿತು ನೋಡುತ್ತಿದ್ದವರಿಗೆ ಆ ಭಾಗ ಸಿಗಲೇ ಇಲ್ಲ ಎಂಬ ನೋವು ನನಗೆ ಈಗಲೂ ಇದೆ.

ಆದ್ದರಿಂದ ಮೊದಲು ಅಳತೆಯನ್ನು ಸರಿಯಾಗಿ ಮಾಡಿ. ಆಟ ನಡೆಯುವ ಜಾಗದಲ್ಲೇ, ಆಟ ನಡೆಯುವ ಹೊತ್ತಿನಲ್ಲೇ, ಕೇಬಲ್ ಚುಚ್ಚಿದ ಲ್ಯಾಪ್‌ಟಾಪಿನಿಂದ ಅರ್ಧ ಗಂಟೆ ಅಳೆಯಬೇಕು. ಇಂಟರ್‌ನೆಟ್ಟಿನಲ್ಲಿ ನಿಮ್ಮದೊಂದು ಸಣ್ಣ ಬಾಡಿಗೆ ಸರ್ವರ್ ಇದ್ದರೆ, ಅದರಲ್ಲಿ `iperf3 -s` ಓಡಿಸಿಟ್ಟು, ಇಲ್ಲಿಂದ ಹೀಗೆ ಕೊಡಿ:

```
iperf3 -c SERVER_IP -t 1800 -i 10
```

ಇದು ಒಂದೇ ಟಿಸಿಪಿ ಸಂಪರ್ಕದಲ್ಲಿ ಅಪ್‌ಲೋಡ್ ಮಾಡುತ್ತಾ ಹತ್ತು ಸೆಕೆಂಡಿಗೊಮ್ಮೆ ಒಂದು ಅಂಕಿ ತೋರಿಸುತ್ತದೆ. ಕೊನೆಗೆ ಬರುವ ಸರಾಸರಿಯನ್ನು ನೋಡಬೇಡಿ, ಪಟ್ಟಿಯಲ್ಲಿ ಪದೇಪದೇ ಕಾಣುವ ಅತಿ ಕಡಿಮೆ ಅಂಕಿಯನ್ನು ಹಿಡಿಯಿರಿ. ಜನ ಸೇರಿದಾಗ ಮೊಬೈಲ್ ಟವರ್ ಹೇಗಿರುತ್ತದೆ ಎಂಬುದನ್ನು ಖಾಲಿ ಬಯಲಿನಲ್ಲಿ ನಿಂತು ತಿಳಿಯಲಾಗದು. ಹಾಗಾಗಿ ಸಾಧ್ಯವಿದ್ದರೆ ಪಕ್ಕದ ಮನೆಯ ಅಥವಾ ದೇವಸ್ಥಾನದ ಫೈಬರ್ ಲೈನಿನಿಂದಲೇ ಕೇಬಲ್ ಎಳೆಯಿರಿ, ಸಿಮ್ಮನ್ನು ಆಪತ್ತಿಗೆ ಮಾತ್ರ ಇಟ್ಟುಕೊಳ್ಳಿ. ಆ ಲೈನಿನಲ್ಲಿ ಸಿಸಿಟಿವಿ ಕ್ಯಾಮೆರಾ ಏನಾದರೂ ಅಪ್‌ಲೋಡ್ ಮಾಡುತ್ತಿದೆಯೇ ಎಂದೂ ಮನೆಯವರನ್ನು ಕೇಳಿ.

ನಿಮ್ಮ 20 ಎಂಬಿಪಿಎಸ್ ಲೈನು ಹೀಗೆ ಅಳೆದಾಗ 12ಕ್ಕೆ ಇಳಿಯಿತು ಎಂದಿಟ್ಟುಕೊಳ್ಳೋಣ. ಅದರಲ್ಲಿ ನಾನು ಶೇಕಡಾ 60ಕ್ಕಿಂತ ಹೆಚ್ಚು ತುಂಬುವುದಿಲ್ಲ, ಅಂದರೆ ನಿಮ್ಮ ಕೈಯಲ್ಲಿರುವುದು ಸುಮಾರು 7.2. ಮೂರು ಕಡೆಗೆ ನೇರವಾಗಿ ಕಳಿಸಿದರೆ ಒಂದೊಂದಕ್ಕೆ 2.4 ಸಿಗುತ್ತದೆ. ಅದರಲ್ಲಿ ಚಿತ್ರಕ್ಕೆ 2200, ಧ್ವನಿಗೆ 128 ಇಟ್ಟು 720ಪಿಯಲ್ಲಿ 30 ಫ್ರೇಮು ಕಳಿಸಬಹುದು. ಭಾಗವತರು ಕುಳಿತು ಹಾಡುವಾಗ ಇದು ಚೆನ್ನಾಗಿಯೇ ಕಾಣುತ್ತದೆ. ಆದರೆ ದೊಂದಿ ಹಿಡಿದು ರಾಳ ಎರಚುತ್ತಾ ವೇಷ ಜನರ ನಡುವಿನಿಂದ ಬರುವಾಗ ಪರದೆಯ ಪ್ರತಿಯೊಂದು ಚುಕ್ಕೆಯೂ ಬದಲಾಗುತ್ತಿರುತ್ತದೆ, ಬಿಟ್‌ರೇಟ್ ಮಾತ್ರ ಅಷ್ಟೇ ಇರುತ್ತದೆ, ಆಗ ಬೆಂಕಿಯೂ ಹೊಗೆಯೂ ಚೌಕಚೌಕವಾಗಿ ಒಡೆಯುತ್ತವೆ. ಅಲ್ಲಿ 1080ಪಿ ಹಟ ಹಿಡಿದರೆ ಇನ್ನೂ ಹೆಚ್ಚು ಒಡೆಯುತ್ತದೆ, ಏಕೆಂದರೆ ಅಷ್ಟೇ ಬಿಟ್ಟುಗಳನ್ನು ಎರಡು ಪಟ್ಟಿಗಿಂತ ಹೆಚ್ಚು ಚುಕ್ಕೆಗಳಿಗೆ ಹಂಚಬೇಕಾಗುತ್ತದೆ.

ಇದಕ್ಕಿಂತ ಒಳ್ಳೆಯ ದಾರಿಯೆಂದರೆ ಬಯಲಿನಿಂದ ಒಂದೇ ಪ್ರಸಾರವನ್ನು ಹೊರಕ್ಕೆ ಕಳಿಸಿ, ಮೂರು ಮಾಡುವ ಕೆಲಸವನ್ನು ಹೊರಗಿನ ರಿಲೇ ಸರ್ವರಿಗೆ ಬಿಡುವುದು. ರಿಸ್ಟ್ರೀಮ್‌ನಂಥ ಸೇವೆಯನ್ನೂ ಬಳಸಬಹುದು, ಬಾಡಿಗೆ ಸರ್ವರಿನಲ್ಲಿ ಎನ್‌ಜಿನ್‌ಎಕ್ಸ್‌ನ ಆರ್‌ಟಿಎಂಪಿ ಮಾಡ್ಯೂಲನ್ನೂ ಹಾಕಿಕೊಳ್ಳಬಹುದು. ಆಗ ಅದೇ 7.2ರೊಳಗೆ ಚಿತ್ರಕ್ಕೆ 5500 ಸಿಗುತ್ತದೆ, ಧ್ವನಿ ಸೇರಿ 5.6, ಇನ್ನೂ ಸ್ವಲ್ಪ ಉಳಿಯುತ್ತದೆ, 1080ಪಿ ಹೋಗುತ್ತದೆ. ಎನ್‌ಜಿನ್‌ಎಕ್ಸ್ ಸೆಟ್ಟಿಂಗ್ ಇಷ್ಟೇ:

```
rtmp {
  server {
    listen 1935;
    application live {
      live on;
      allow publish VENUE_IP;
      deny publish all;
      push rtmp://a.rtmp.youtube.com/live2/KEY1;
      push rtmp://a.rtmp.youtube.com/live2/KEY2;
      push rtmp://127.0.0.1:19350/rtmp/KEY3;
    }
  }
}
```

ಮೂರನೆಯ `push` ಸಾಲು ಸರ್ವರಿನೊಳಕ್ಕೇ ತಿರುಗಿರುವುದಕ್ಕೆ ಕಾರಣವಿದೆ. ಫೇಸ್‌ಬುಕ್ ಆರ್‌ಟಿಎಂಪಿಯ ಗೂಢಲಿಪಿ ರೂಪವಾದ ಆರ್‌ಟಿಎಂಪಿಎಸ್ ಅನ್ನು ಮಾತ್ರ ಒಪ್ಪುತ್ತದೆ, ಈ ಮಾಡ್ಯೂಲಿಗೆ ಅದು ಬರುವುದಿಲ್ಲ, ಆದ್ದರಿಂದ ನಡುವೆ ಆ ಗೂಢಲಿಪಿಯ ಕೆಲಸ ಮಾಡುವ ಎಸ್‌ಟನೆಲ್ ಎಂಬ ತಂತ್ರಾಂಶವನ್ನು ಕೂರಿಸಿ, 19350ಕ್ಕೆ ಬಂದದ್ದನ್ನು `live-api-s.facebook.com:443` ಕಡೆಗೆ ದಾಟಿಸಬೇಕು. ಇಂಥ ರಿಲೇ ಬಂದದ್ದನ್ನು ಹಾಗೆಯೇ ಮುಂದಕ್ಕೆ ಕೊಡುತ್ತದೆಯೇ ಹೊರತು ಬಿಟ್‌ರೇಟ್ ಬದಲಿಸುವುದಿಲ್ಲ ಎಂಬುದೂ ನೆನಪಿರಲಿ. ಮೂರು ಕಡೆಗಳಲ್ಲಿ ಯಾವುದರ ಮಿತಿ ಕಡಿಮೆಯೋ ನಿಮ್ಮ ಬಿಟ್‌ರೇಟ್ ಅದರೊಳಗಿರಬೇಕು. ಒಬಿಎಸ್‌ನಲ್ಲಿ `CBR` ಇಟ್ಟು, ಕೀಫ್ರೇಮ್ ಅಂತರವನ್ನು 2 ಸೆಕೆಂಡಿಗೆ ನಿಲ್ಲಿಸಿದರೆ ಮೂವರಿಗೂ ಒಪ್ಪಿಗೆಯಾಗುತ್ತದೆ.

ಡೇಟಾದ ಲೆಕ್ಕವನ್ನೂ ಮೊದಲೇ ಹಾಕಿ. ಎಂಟು ಗಂಟೆಯ ಆಟಕ್ಕೆ ಬಯಲಿನಿಂದ ಸುಮಾರು 20 ಜಿಬಿ ಹೋಗುತ್ತದೆ, ರಿಲೇ ಸರ್ವರಿನಿಂದ ಹೊರಕ್ಕೆ ಸುಮಾರು 61 ಜಿಬಿ. ದಿನಕ್ಕೆ 2 ಜಿಬಿ ಕೊಡುವ ಸಿಮ್ ಈ ಬಿಟ್‌ರೇಟಿನಲ್ಲಿ ಮುಕ್ಕಾಲು ಗಂಟೆ ಕಳೆದು ಸ್ವಲ್ಪ ಹೊತ್ತಿಗೇ ಮುಗಿಯುತ್ತದೆ, ಆಪತ್ತಿಗೆಂದು ಇಟ್ಟ ಸಿಮ್ಮಿನಲ್ಲಿ ಇದನ್ನು ಮರೆಯಬೇಡಿ.

ಆಟದ ನಡುವೆ ಚಿತ್ರ ತಡವರಿಸಿದರೆ ಒಬಿಎಸ್‌ನ `Stats` ಕಿಟಕಿ ತೆರೆದು ನೋಡಿ. `Dropped Frames` ಏರುತ್ತಿದ್ದರೆ ತೊಂದರೆ ಅಪ್‌ಲೋಡಿನದು, ಆಗ ಬಿಟ್‌ರೇಟನ್ನು 4000ಕ್ಕೆ ಇಳಿಸಬೇಕು. `Skipped frames due to encoding lag` ಏರುತ್ತಿದ್ದರೆ ಕಂಪ್ಯೂಟರಿಗೆ ಎನ್‌ಕೋಡ್ ಮಾಡಿ ಪೂರೈಸಲಾಗುತ್ತಿಲ್ಲ, ಬಿಟ್‌ರೇಟ್ ಇಳಿಸಿದರೂ ಅದು ಸರಿಹೋಗುವುದಿಲ್ಲ, ಎನ್‌ಕೋಡರಿನ ಪ್ರಿಸೆಟ್ಟನ್ನು ಹಗುರ ಮಾಡಬೇಕು. ಎರಡೂ ಸೊನ್ನೆಯಲ್ಲಿದ್ದು ಫೇಸ್‌ಬುಕ್ಕಿನಲ್ಲಿ ಮಾತ್ರ ಚಿತ್ರ ನಿಂತಿದ್ದರೆ ಬಯಲಿನ ಲೈನನ್ನು ಮುಟ್ಟಬೇಡಿ, ರಿಲೇ ಸರ್ವರಿಗೆ ಲಾಗಿನ್ ಆಗಿ ಎಸ್‌ಟನೆಲ್ ನಡೆಯುತ್ತಿದೆಯೇ ಎಂದು ನೋಡಿ.