ಕಪಾಟು ತುಂಬ ಬಟ್ಟೆ, ಹಾಕಲು ಒಂದೂ ಇಲ್ಲ

ಹೆಸರು, ಕೆಲಸದ ಜಾಗ, ಇನ್ನೂ ಕೆಲವು ಗುರುತು ಬದಲಿಸಿದ್ದೇನೆ. ಇವರನ್ನು ಸುಮಾ ಎಂದು ಕರೆಯೋಣ. ವಯಸ್ಸು ಇಪ್ಪತ್ತಾರು, ಊರು ಶಿರಸಿ ಕಡೆ. ಕಾರವಾರದ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿ ಎಂಟು ತಿಂಗಳಾಗಿತ್ತು. ಜುಲೈ ತಿಂಗಳ ಜೋರು ಮಳೆಯಲ್ಲಿ ಆಪ್ತ ಸಲಹೆಗೆಂದು ನನ್ನ ಹತ್ತಿರ ಬಂದರು.

"ಮೇಡಂ, ಬೆಳಿಗ್ಗೆ ಮುಕ್ಕಾಲು ಗಂಟೆ ಕಪಾಟಿನ ಮುಂದೆ ನಿಂತಿರ್ತೇನೆ. ಆಮೇಲೆ ಅಳು ಬರ್ತದೆ" ಎಂದರು. ವಾರದಲ್ಲಿ ಎರಡು ದಿನವಾದರೂ ಆಫೀಸಿಗೆ ತಡ. ಸಂಬಳ ಬಂದ ವಾರದಲ್ಲೇ ಫೋನಿನಲ್ಲಿ ಬಟ್ಟೆ ತರಿಸುವುದು, ಮುಂದಿನ ವಾರ ಮತ್ತೆ ಅದೇ ಗೋಳು. ಒಂದು ದಿನ ಜೊತೆಯವರೊಬ್ಬರು "ಇವತ್ತೂ ಅದೇ ಪ್ಯಾಂಟಾ?" ಅಂದಿದ್ದರಂತೆ. ಅದು ಮನಸ್ಸಿನಿಂದ ಹೋಗಿರಲಿಲ್ಲ.

ಇಂಥ ಮಾತು ಕೇಳಿದಾಗ ನಾನು ಮೊದಲು ನಿದ್ದೆ, ಊಟ, ಕನ್ನಡಿ ವಿಚಾರಿಸುತ್ತೇನೆ. ತನ್ನ ಮೈ ಕಂಡರೇ ಆಗದು, ಹೊರಗೆ ಹೋಗಲೇ ಭಯ ಎಂಬಂತಿದ್ದರೆ ಬಟ್ಟೆಯ ಮಾತು ಬಿಟ್ಟು ಮನೋವೈದ್ಯರ ಹತ್ತಿರ ಕಳಿಸಬೇಕು. ಸುಮಾಗೆ ಹಾಗಿರಲಿಲ್ಲ. ಭಾನುವಾರ ಆರಾಮಾಗಿ ಇರುತ್ತಿದ್ದರು. ಕಷ್ಟವೆಲ್ಲ ಕೆಲಸದ ದಿನ ಬೆಳಿಗ್ಗೆ ಎಂಟು ಗಂಟೆಗೆ.

"ನಿಮ್ಮ ಪಕ್ಕದ ಮೂವರು ಮಂಗಳವಾರ ಏನು ಹಾಕಿದ್ದರು?" ಎಂದು ಕೇಳಿದೆ. ಒಬ್ಬರದ್ದೂ ನೆನಪಾಗಲಿಲ್ಲ. ಇದಕ್ಕೆ ಸರಿಯಾದ ಒಂದು ಪ್ರಯೋಗವೇ ಇದೆ. ಮನಶ್ಶಾಸ್ತ್ರಜ್ಞ ಥಾಮಸ್ ಗಿಲೋವಿಚ್ ಮತ್ತು ಜೊತೆಯವರು 2000ದಲ್ಲಿ ಪ್ರಕಟಿಸಿದ್ದು. ವಿದ್ಯಾರ್ಥಿಗಳಿಗೆ ಮುಜುಗರವಾಗುವಂಥ ಟೀಶರ್ಟ್ ಹಾಕಿಸಿ, ಬೇರೆಯವರು ಕೂತ ಕೋಣೆಗೆ ಕಳಿಸಿದರು. ಸುಮಾರು ಅರ್ಧ ಜನ ಗಮನಿಸಿರುತ್ತಾರೆ ಎಂದುಕೊಂಡರು ಟೀಶರ್ಟ್ ಹಾಕಿದವರು. ನಿಜಕ್ಕೂ ಗಮನಿಸಿದ್ದು ಹೆಚ್ಚುಕಡಿಮೆ ಕಾಲು ಭಾಗ. ಸುಮಾ ನಕ್ಕರು. ಆದರೆ ನಕ್ಕ ಮಾತ್ರಕ್ಕೆ ಮರುದಿನದ ಬೆಳಗು ಸಲೀಸಾಗುವುದಿಲ್ಲ. ಅದಕ್ಕೇ ಒಂದು ಮನೆಕೆಲಸ ಕೊಟ್ಟೆ.

ಎಲ್ಲ ಪ್ಯಾಂಟ್ ಮಂಚದ ಮೇಲೆ ಹರಡಿ. ಒಂದೊಂದು ಟಾಪನ್ನೂ ಪ್ರತಿ ಪ್ಯಾಂಟಿನ ಮೇಲೆ ಇಟ್ಟು ನೋಡಿ. ನಾಳೆ ಆಫೀಸಿಗೆ ಹಾಕಿಕೊಂಡು ಹೋಗುವಿರಾ? ಹೌದು ಎಂದರೆ ಮಾತ್ರ ಒಂದು ಗೀಟು. "ಹೋಗಬಹುದೇನೋ" ಎಂದರೆ ಇಲ್ಲ ಎಂದೇ ಲೆಕ್ಕ.

ಮುಂದಿನ ವಾರ ಹಾಳೆ ತಂದರು. ಟಾಪ್ 26, ಪ್ಯಾಂಟ್ 14. ಅದರಲ್ಲಿ 19 ಟಾಪ್‌ಗಳಿಗೆ ಒಂದೊಂದೇ ಗೀಟು. ಹೆಚ್ಚಿನವು ಸೆಟ್ ಬಟ್ಟೆ. ಗಿಳಿ ಹಸಿರು ಟಾಪಿಗೆ ಅದರದ್ದೇ ಗುಲಾಬಿ ಪ್ಯಾಂಟು, ಅದರದ್ದೇ ವೇಲು. ಒಂದು ಒದ್ದೆ ಇದ್ದರೆ ಮೂರೂ ದಂಡ. ಕಾರವಾರದ ಮಳೆಗಾಲದಲ್ಲಿ ದಪ್ಪ ಕಾಟನ್ ಪ್ಯಾಂಟು ಒಣಗಲು ಎರಡು ದಿನ ಬೇಕು, ಅದೂ ಫ್ಯಾನ್ ಕೆಳಗೆ. ಅಂದರೆ 26 ಟಾಪ್ ಇದ್ದರೂ ಬೆಳಿಗ್ಗೆ ಎಂಟಕ್ಕೆ ಕೈಗೆ ಸಿಗುವುದು ನಾಲ್ಕೈದು ಜೋಡಿ. ಅಳು ಬರದೆ ಇನ್ನೇನು?

ಹಾಗಾಗಿ ಮೂರು ಬಣ್ಣಕ್ಕೆ ಇಳಿದೆವು. ಒಂದು ಗಾಢ, ಒಂದು ತಿಳಿ, ಒಂದು ನಡುವಿನದ್ದು. ಯಾವುದನ್ನು ಯಾವುದರ ಮೇಲೆ ಇಟ್ಟರೂ ಎರಡೂ ಬೇರೆ ಎಂದು ಎದ್ದು ಕಾಣಬೇಕು, ಅಷ್ಟೇ. ಸುಮಾ ಮೊದಲು ಹೇಳಿದ್ದು ಕಪ್ಪು, ಬಿಳಿ, ಕೆಂಪು. ನಾನು ಬೇಡ ಎಂದೆ. ಇಲ್ಲಿನ ಸೆಕೆಗೆ ಕಪ್ಪು ಬಟ್ಟೆ ಮೇಲೆ ಬೆವರಿನ ಉಪ್ಪು ಬಿಳಿ ಗೆರೆಯಾಗಿ ಕೂರುತ್ತದೆ. ಒಗೆದ ಹಾಗೆ ಒಂದು ಕಪ್ಪು ಬೂದಾಗಿ, ಇನ್ನೊಂದು ಕಂದಾಗಿ, ಒಂದಕ್ಕೊಂದು ಸೇರದ ಹಾಗಾಗುತ್ತದೆ. ಅಚ್ಚ ಬಿಳಿಯನ್ನು ಸ್ವಲ್ಪ ಹಸಿ ಇರುವಾಗ ಮಡಚಿಟ್ಟರೆ ಬೂಷ್ಟಿನ ಚುಕ್ಕೆ ಬರುತ್ತದೆ, ಹೋಗುವುದು ಕಷ್ಟ. ಕೊನೆಗೆ ನಿಂತದ್ದು ಕಡು ನೀಲಿ, ಕೆನೆ ಬಣ್ಣ, ಬೂದು. ಅವರ ಕಪಾಟಿನಲ್ಲಿ ಈಗಾಗಲೇ ನೀಲಿ ಪ್ಯಾಂಟು ಎರಡಿದ್ದವು, ಅದೂ ಒಂದು ಕಾರಣ. ಇರುವುದರಿಂದ ಶುರು ಮಾಡಿದರೆ ಖರ್ಚು ಕಡಿಮೆ.

ಎಷ್ಟು ಬೇಕು? ಪ್ಯಾಂಟಿಗೆ ಹಾಕಿದ ದಿನ ಒಂದು, ಒಣಗಲು ಎರಡು, ಇಸ್ತ್ರಿಗೆ ಮತ್ತು ಆಪತ್ತಿಗೆ ಒಂದು ದಿನ. ಒಟ್ಟು ನಾಲ್ಕು. ನೀಲಿ ಎರಡು, ಬೂದು ಒಂದು, ಕೆನೆ ಒಂದು. ಟಾಪು ಆರು: ಸಾದಾ ಕೆನೆ, ನೀಲಿ ಬುಟ್ಟಾ ಇರುವ ಕೆನೆ, ಸಾದಾ ಬೂದು, ಸಾದಾ ನೀಲಿ, ನೀಲಿ-ಬೂದು ಚೆಕ್ಸ್. ಆರನೆಯದು ಕುಂಕುಮದ ಬಣ್ಣದ್ದು. ಅದನ್ನು ಬಿಡಲು ಸುಮಾ ಒಪ್ಪಲಿಲ್ಲ. ಬಿಡಬೇಕಾಗಿಯೂ ಇರಲಿಲ್ಲ, ಮೂರೂ ಪ್ಯಾಂಟಿನ ಬಣ್ಣಕ್ಕೆ ಅದು ಒಪ್ಪುತ್ತಿತ್ತು. ಪ್ರಿಂಟ್ ಇರುವ ಬಟ್ಟೆಗೆ ನನ್ನದು ಒಂದೇ ಷರತ್ತು. ಅದರ ಬಣ್ಣಗಳಲ್ಲಿ ಎರಡಾದರೂ ನಮ್ಮ ಮೂರರೊಳಗೆ ಇರಬೇಕು.

ಆರು ಟಾಪು, ಮೂರು ಬಣ್ಣದ ಪ್ಯಾಂಟು, ಹದಿನೆಂಟು ಜೋಡಿ. ಅದರಲ್ಲಿ ಸಾದಾ ನೀಲಿ ಮೇಲೆ ಸಾದಾ ನೀಲಿ, ಬೂದು ಮೇಲೆ ಬೂದು, ಕೆನೆ ಮೇಲೆ ಕೆನೆ, ಈ ಮೂರು ಕಳೆಯಿರಿ. ಬೇರೆ ಬೇರೆ ಅಂಗಡಿಯ ನೀಲಿ ಎಂದೂ ಒಂದೇ ಆಗುವುದಿಲ್ಲ. ಹಾಕಿಕೊಂಡರೆ ಸೆಟ್ ತಪ್ಪಿದ ಹಾಗೆ ಕಾಣುತ್ತದೆ. ಒಂದೇ ಬಣ್ಣ ಮೇಲೆ ಕೆಳಗೆ ಬೇಕೆಂದರೆ ಒಂದೇ ಥಾನಿನಿಂದ ಬಟ್ಟೆ ತೆಗೆದು ಹೊಲಿಸಬೇಕು, ಒಟ್ಟಿಗೇ ಒಗೆಯಬೇಕು. ಉಳಿದದ್ದು ಹದಿನೈದು. ಕೆನೆ ಪ್ಯಾಂಟು ಮಳೆಗಾಲ ಮುಗಿಯುವವರೆಗೆ ಒಳಗೇ ಇರಲಿ ಎಂದೆ. ನಮ್ಮ ಕೆಂಪು ಮಣ್ಣಿನ ರಾಡಿ ಹಿಮ್ಮಡಿಗೆ ಹಾರಿದರೆ ಆ ಕಲೆ ಸುಲಭಕ್ಕೆ ಬಿಡುವುದಿಲ್ಲ. ಆಗ ಪ್ಯಾಂಟು ಮೂರೇ ಉಳಿದು ಆಪತ್ತಿನ ಆ ಒಂದು ದಿನ ಕೈಬಿಡುತ್ತದೆ, ಆದರೂ ಹತ್ತು ಜೋಡಿ, ಎರಡು ವಾರಕ್ಕೆ ಸಾಕಲ್ವಾ? ಹೊಸದಾಗಿ ಕೊಳ್ಳಬೇಕಾದದ್ದು ಬೂದು ಪ್ಯಾಂಟು, ನೀಲಿ ಟಾಪು, ಚೆಕ್ಸ್ ಟಾಪು. ಕೆನೆ ಪ್ಯಾಂಟು ಒಂದು ಸೆಟ್ಟಿನಿಂದ ಬಂತು.

ಎಲ್ಲ ಸಲೀಸಾಗಿ ಆಯಿತು ಅಂದುಕೊಳ್ಳಬೇಡಿ. ಟ್ಯೂಬ್‌ಲೈಟಿನ ಕೆಳಗೆ ನೀಲಿ ಎಂದು ತಂದ ಟಾಪು ಹಗಲಲ್ಲಿ ನೋಡಿದರೆ ಕಪ್ಪು. ವಾಪಸು ಕೊಟ್ಟು, ಅಂಗಡಿ ಬಾಗಿಲಿಗೆ ತಂದು ತಮ್ಮ ಪ್ಯಾಂಟಿನ ಪಕ್ಕ ಹಿಡಿದು ಬೇರೆ ಆರಿಸಿದರು. ಆ ಹೊಸ ನೀಲಿಯನ್ನು ಸಾದಾ ಕೆನೆ ಟಾಪಿನ ಜೊತೆ ಒಂದೇ ಬಕೆಟ್ಟಿನಲ್ಲಿ ನೆನೆಸಿದರು. ಕೆನೆಗೆ ತೋಳಿನ ಹತ್ತಿರ ನೀಲಿ ಹತ್ತಿತು. ಗಾಬರಿಯಿಂದ ಫೋನ್ ಮಾಡಿದರು. ಪುಣ್ಯಕ್ಕೆ ಇನ್ನೂ ಒಣಗಿರಲಿಲ್ಲ. ಇಸ್ತ್ರಿ ಹಾಕಬೇಡಿ, ಒಣಗಲು ಬಿಡಬೇಡಿ, ಈಗಲೇ ಮತ್ತೆ ಎರಡು ಮೂರು ಸಲ ಸೋಪಿನಲ್ಲಿ ಒಗೆಯಿರಿ ಎಂದೆ. ಮುಕ್ಕಾಲು ಹೋಯಿತು, ಉಳಿದದ್ದು ವೇಲಿನ ಕೆಳಗೆ ಮುಚ್ಚುತ್ತದೆ. ಗಾಢ ಬಣ್ಣದ ಹೊಸ ಬಟ್ಟೆಯ ಒಳಮಡಿಕೆಗೆ ಒದ್ದೆ ಮಾಡಿದ ಬಿಳಿ ಕರವಸ್ತ್ರ ಒತ್ತಿ ನೋಡಬೇಕು. ಬಣ್ಣ ಹತ್ತಿದರೆ ಬೇರೆಯಾಗಿಯೇ ಒಗೆಯಬೇಕು. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎನ್ನುತ್ತಾರೆ, ಅದನ್ನು ನಂಬಿ ಕೂರಬೇಡಿ.

ಆಗಸ್ಟ್ ಕೊನೆಗೆ ಮತ್ತೆ ಬಂದರು. ಬಟ್ಟೆಯನ್ನು ರಾತ್ರಿಯೇ ತೆಗೆದಿಡುತ್ತಾರಂತೆ, ಹತ್ತು ನಿಮಿಷದ ಕೆಲಸ. ಒಂದು ಸೋಮವಾರ ಮಾತ್ರ ಮತ್ತೆ ಹಳೆಯ ಹಾಗೆ ನಿಂತುಬಿಟ್ಟಿದ್ದರಂತೆ. ಅದು ಮೀಟಿಂಗ್ ಇದ್ದ ದಿನ. ಆ ಮೀಟಿಂಗಿನ ಭಯದ ಬಗ್ಗೆ ಬೇರೆಯೇ ಮಾತಾಡಿದೆವು, ಅದಕ್ಕೆ ಬಟ್ಟೆ ಮದ್ದಲ್ಲ.

ಹೊರಡುವಾಗ ಗಿಳಿ ಹಸಿರು ಸೆಟ್ಟಿನ ವಿಷಯ ಕೇಳಿದರು. ಅಮ್ಮ ಹೊಲಿಸಿಕೊಟ್ಟಿದ್ದು, ಯಾರಿಗಾದರೂ ಕೊಟ್ಟುಬಿಡಲಾ? ಇಟ್ಟುಕೊಳ್ಳಿ ಎಂದೆ. ಆದರೆ ಶಿರಸಿ ಮನೆಯಲ್ಲಿ. ಬೆಳಿಗ್ಗೆ ಎಂಟಕ್ಕೆ ತೆಗೆಯುವ ಕಪಾಟಿನಲ್ಲಿ ಬೇಡ.