ಕೈ ನೋಡಿದವರಿಗೆ ಕಂಡದ್ದೇನು?

‘ಹಾಸನಾಂಬೆ ದರ್ಶನಕ್ಕೆ ಹೋದಾಗ ಒಬ್ಬರು ನನ್ನ ಕೈ ನೋಡಿದರು. “ಎಲ್ಲರಿಗೂ ಮಾಡ್ತೀರಿ, ನಿಮಗೆ ಆಗೋರು ಯಾರೂ ಇಲ್ಲ. ಚಿಕ್ಕಂದಿನಲ್ಲಿ ನೀರಿನ ಗಂಡಾಂತರ ಇತ್ತು” ಅಂದರು. ಎರಡೂ ನಿಜ! ಆಯುಷ್ಯರೇಖೆ ನಡುವೆ ತುಂಡಾಗಿದೆಯಂತೆ. ಶಾಂತಿ ಮಾಡಿಸಬೇಕಾ?’
– ಓದುಗರು, ಅರಸೀಕೆರೆ

ಬೇಡ, ದುಡ್ಡು ಉಳಿಸಿಕೊಳ್ಳಿ.

ಅವರು ಯಾವ ಗೆರೆ ತೋರಿಸಿದರು? ಹೆಬ್ಬೆರಳ ಬುಡ ಸುತ್ತುವುದಾದರೆ, ಹೆಬ್ಬೆರಳನ್ನು ನಿಧಾನವಾಗಿ ಕಿರುಬೆರಳಿನ ಕಡೆ ತನ್ನಿ. ಚರ್ಮ ಆ ಗೆರೆಯಲ್ಲೇ ಮಡಚುತ್ತದೆ ಅಲ್ವಾ? ತಾಯಿಯ ಹೊಟ್ಟೆಯಲ್ಲಿ ಮೂರು ತಿಂಗಳಾಗುವ ಹೊತ್ತಿಗೇ ಈ ಮಡಿಕೆಗಳು ಮೂಡಿರುತ್ತವೆ. ಕೆಲವರಿಗೆ ಉದ್ದ, ಕೆಲವರಿಗೆ ತುಂಡು. ಅದರಲ್ಲಿ ವಯಸ್ಸಿನ ಲೆಕ್ಕ ಇಲ್ಲ. ಅಷ್ಟಕ್ಕೂ ನಮ್ಮ ಸಾಮುದ್ರಿಕದವರು ಹಲವರು ಆಯುಷ್ಯರೇಖೆ ಅನ್ನುವುದು ಕಿರುಬೆರಳ ಕೆಳಗಿಂದ ಹೊರಡುವ ಗೆರೆಯನ್ನು. ಪಾಶ್ಚಾತ್ಯ ಪದ್ಧತಿಯವರಿಗೆ ಅದು ಹೃದಯರೇಖೆ!

ಮಾತು ಮಾತ್ರ ನಿಮಗೆ ಸರಿಯಾಗಿ ತಾಗಿದೆ. ಅದು ಸುಮ್ನೆ ಅಲ್ಲ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಂ ಫೋರರ್ ತಮ್ಮ ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ‘ಇದು ನಿನ್ನ ಸ್ವಭಾವ’ ಅಂತ ಒಬ್ಬೊಬ್ಬರಿಗೂ ಒಂದೊಂದು ಹಾಳೆ ಹಂಚಿದರು. ಎಷ್ಟು ಸರಿ ಇದೆ ಎಂದು ಐದಕ್ಕೆ ಅಂಕ ಹಾಕಿ ಅಂದರು. ಸರಾಸರಿ 4ಕ್ಕಿಂತ ಜಾಸ್ತಿ ಬಂತು. ಆಮೇಲೆ ನೋಡಿದರೆ ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ, ಅದೂ ಹೆಚ್ಚಿನದು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು.

ಇನ್ನೂ ಚೆನ್ನಾಗಿರುವುದು ರೇ ಹೈಮನ್ ಕಥೆ. ಹರೆಯದಲ್ಲಿ ಇವರು ದುಡ್ಡಿಗೆ ಕೈ ನೋಡುತ್ತಿದ್ದರು, ನಂಬಿಯೂ ಇದ್ದರು. ಗೆರೆ ಏನು ಹೇಳುತ್ತದೋ ಅದರ ಉಲ್ಟಾ ಹೇಳಿ ನೋಡು ಎಂದು ಗೆಳೆಯನೊಬ್ಬ ಸಲಹೆ ಕೊಟ್ಟ. ಹಾಗೇ ಹೇಳಿದರು. ಗಿರಾಕಿಗಳು ಮೊದಲಿನಷ್ಟೇ ಬೆರಗಾದರು! ಹೈಮನ್ ಮುಂದೆ ಮನಶ್ಶಾಸ್ತ್ರದ ಪ್ರೊಫೆಸರ್ ಆದರು.

ಈಗ ನಿಮ್ಮ ‘ನೀರಿನ ಗಂಡಾಂತರ’. ಯಾವ ವಯಸ್ಸು, ಯಾವ ಊರು, ಕೆರೆಯೋ ಬಾವಿಯೋ, ಒಂದನ್ನೂ ಅವರು ಹೇಳಲಿಲ್ಲ. ಅದನ್ನೆಲ್ಲ ತುಂಬಿದ್ದು ನೀವು. ಕೆರೆ ಏರಿ ಮೇಲೆ ಆಡಿ ಬೆಳೆದ ನಮ್ಮ ಜಿಲ್ಲೆಯ ಯಾರನ್ನಾದರೂ ಕೇಳಿ, ಒಂದು ಸಲವಾದರೂ ಕಾಲು ಜಾರಿರುತ್ತದೆ. ನೀವು ‘ಇಲ್ಲವಲ್ಲ’ ಅಂದಿದ್ದರೆ? ‘ಹಾಗಾದರೆ ಮುಂದೆ ನೀರಿನ ಹತ್ತಿರ ಹುಷಾರು’ ಅನ್ನುತ್ತಿದ್ದರು. ತಪ್ಪಿದ್ದು ಹಾಗೇ ಭವಿಷ್ಯವಾಗಿಬಿಡುತ್ತದೆ. ‘ಎಲ್ಲರಿಗೂ ಮಾಡ್ತೀರಿ’ ಮಾತೂ ಅಷ್ಟೇ. ಅದನ್ನು ಒಪ್ಪದ ಮನುಷ್ಯನನ್ನು ನಾನಂತೂ ನೋಡಿಲ್ಲ, ನಮ್ಮ ಕಚೇರಿಯಲ್ಲಂತೂ ಇಲ್ಲವೇ ಇಲ್ಲ. ಪಾಪ, ಅವರು ಬೇಕೆಂದೇ ಮೋಸ ಮಾಡುತ್ತಾರೆ ಅಂತಲ್ಲ. ಗಿರಾಕಿ ತಲೆಯಾಡಿಸಿದ ಹಾಗೆಲ್ಲ ಅವರಿಗೂ ನಂಬಿಕೆ ಗಟ್ಟಿಯಾಗುತ್ತದೆ.

ನೀವೇ ಪರೀಕ್ಷೆ ಮಾಡಬಹುದು. ಅವರು ಹೇಳಿದ್ದರಲ್ಲಿ ತಪ್ಪಿದ್ದನ್ನೂ ನೆನಪು ಮಾಡಿಕೊಂಡು, ಎಲ್ಲವನ್ನೂ ಚೀಟಿಯಲ್ಲಿ ಬರೆಯಿರಿ. ನಾಲ್ಕೈದು ಜನರಿಗೆ ಬೇರೆ ಬೇರೆಯಾಗಿ ಓದಿ ಹೇಳಿ, ಐದಕ್ಕೆ ಅಂಕ ಕೇಳಿ. ಆದರೆ ‘ನಿಮ್ಮ ಕೈಯ ಫೋಟೋ ತೋರಿಸಿ ಕೇಳಿಸಿದ್ದು’ ಅಂತ ಮೊದಲೇ ಹೇಳಬೇಕು. ಎಲ್ಲರಿಗೂ ಒಂದೇ ಚೀಟಿ ಅಂತ ಗೊತ್ತಾದರೆ ಅಂಕ ಇಳಿದುಬಿಡುತ್ತದೆ.

– ಸಂಪಾದಕ