ನಾಲ್ಕು ಗಂಟೆಗೆ ಎರಡೇ ಅಂಕ

ಆಪ್ತಸಲಹೆಗೆಂದು ನನ್ನ ಹತ್ತಿರ ಬಂದ ಅವರು ಬಸ್ ನಿಲ್ದಾಣದಲ್ಲಿ ಟ್ರಾಫಿಕ್ ಕಂಟ್ರೋಲರ್ ಆಗಿದ್ದವರು, ನಿವೃತ್ತರಾಗಿ ಎಂಟು ತಿಂಗಳಾಗಿತ್ತು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಕರೆತಂದವರು ಹೆಂಡತಿ. "ಹಗಲೆಲ್ಲ ಸೋಫಾ ಬಿಟ್ಟು ಏಳಲ್ಲ ಮೇಡಂ. ರಾತ್ರಿ ಮೂರಕ್ಕೆ ಎದ್ದು ಓಡಾಡ್ತಾರೆ. ನಾನು ಸಾರಿಗೆ ಒಗ್ಗರಣೆ ಹಾಕೋದಕ್ಕೂ ಟೈಮ್ ಕೇಳ್ತಾರೆ" ಎಂದರು.

ಯಜಮಾನರು ನಕ್ಕರು. "ನಂಗೇನೂ ಆಗಿಲ್ಲ. ನಿದ್ದೆಗೊಂದು ಮಾತ್ರೆ ಸಿಕ್ಕಿದ್ರೆ ಸಾಕು."

ಮಾತ್ರೆ ಬರೆಯುವುದು ನನ್ನ ಕೆಲಸವಲ್ಲ. ಮೊದಲು ಖಿನ್ನತೆ ಇದೆಯೇ ಎಂದು ನೋಡಬೇಕಿತ್ತು. ಊಟ ಸೇರುತ್ತದೆಯೇ, ಎರಡು ವಾರಕ್ಕಿಂತ ಜಾಸ್ತಿ ಯಾವುದೂ ಬೇಡ ಅನ್ನಿಸಿದೆಯೇ, ಬದುಕು ಸಾಕು ಎಂಬ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ. ಊಟ ಚೆನ್ನಾಗಿತ್ತು, ಅಂಥ ಯೋಚನೆ ಇರಲಿಲ್ಲ. ಮೊಮ್ಮಗಳ ಮಾತು ಬಂದರೆ ಮುಖ ಅರಳುತ್ತಿತ್ತು. ಹಾಗಿಲ್ಲದಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಬಿಪಿ, ಶುಗರ್ ಮಾತ್ರ ಒಮ್ಮೆ ತೋರಿಸಿಕೊಂಡು ಬನ್ನಿ ಎಂದೆ.

ಜೊತೆಗೆ ಒಂದು ವಾರದ ಮನೆಗೆಲಸ ಕೊಟ್ಟೆ. ಪ್ರತಿ ಗಂಟೆ ಏನು ಮಾಡಿದಿರಿ ಎಂದು ಒಂದು ಸಾಲು ಬರೆಯಬೇಕು. ಆಗ ಮನಸ್ಸು ಹೇಗಿತ್ತು ಎಂದು ಹತ್ತಕ್ಕೆ ಎಷ್ಟು ಅಂಕ ಎಂದು ಹಾಕಬೇಕು. ಲಾಗ್ ಶೀಟ್ ಬರೆದೇ ಬದುಕಿದವರು. ಬಲು ನೀಟಾಗಿ ಬರೆದು ತಂದರು.

ರಾತ್ರಿ ಒಂಬತ್ತೂವರೆಗೆ ಮಲಗಿ ಮೂರಕ್ಕೆ ಎಚ್ಚರ. ಅಲ್ಲಿಗೆ ಐದೂವರೆ ಗಂಟೆ. ಮಧ್ಯಾಹ್ನ ಒಂದೂವರೆಯಿಂದ ನಾಲ್ಕರವರೆಗೆ ಮತ್ತೆ ಎರಡೂವರೆ. ಒಟ್ಟು ಎಂಟು ಗಂಟೆ, ಟಿವಿ ಮುಂದಿನ ತೂಕಡಿಕೆ ಬೇರೆ. "ನಿಮಗೆ ನಿದ್ದೆ ಬರ್ತಿಲ್ಲ ಅಂತಲ್ಲ, ರಾತ್ರಿಯದ್ದನ್ನ ಹಗಲೇ ಖರ್ಚು ಮಾಡ್ತಿದ್ದೀರಿ" ಎಂದೆ. ಈ ಲೆಕ್ಕ ಅವರಿಗೆ ಹಿಡಿಸಿತು.

ಅಂಕ ತೀರಾ ಕಡಿಮೆ ಇದ್ದದ್ದು ಸಂಜೆ ನಾಲ್ಕಕ್ಕೆ. ದಿನವೂ ಎರಡು. ಯಾಕೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಕಾಲೇಜು ಬಿಡೋ ಹೊತ್ತು ಮೇಡಂ. ಡ್ರೈವರು ಕಂಡಕ್ಟರು ಎಲ್ಲಾ ನನ್ನ ಸುತ್ತ ನಿಂತಿರ್ತಿದ್ರು" ಎಂದರು. ಒಂದೇ ಒಂದು ಕಡೆ ಎಂಟು ಅಂಕ ಇತ್ತು. ಪಕ್ಕದ ಮನೆ ಹುಡುಗ ಧರ್ಮಸ್ಥಳಕ್ಕೆ ಯಾವ ಬಸ್ಸಿಗೆ ಹೋಗೋದು ಎಂದು ಕೇಳಿದ್ದ. ಅರ್ಧ ಗಂಟೆ ಹೇಳಿದ್ದರಂತೆ!

ಮುಂದಿನ ಭೇಟಿಗೆ ಅವರೇ ವೇಳಾಪಟ್ಟಿ ತಂದರು. ಸ್ಕೇಲ್ ಹಿಡಿದು ಗೆರೆ ಎಳೆದು, ಕಾಲು ಗಂಟೆಗೊಂದು ಕೆಲಸ. ನಾನೂ ಖುಷಿಪಟ್ಟೆ, ತಪ್ಪು ಮಾಡಿದೆ. ಐದು ದಿನ ನಡೆಯಿತು. ಆರನೇ ದಿನ ನೆಂಟರ ಮನೆ ಗೃಹಪ್ರವೇಶ. ಅದಾದ ಮೇಲೆ ಎಲ್ಲವೂ ನಿಂತಿತು. "ಒಂದು ಟ್ರಿಪ್ ಮಿಸ್ ಆದ್ರೆ ಮುಂದಿನದೆಲ್ಲಾ ಹಾಳು" ಎಂದರು.

ಹಾಗಾಗಿ ಮೂರೇ ವಿಷಯ ಗಟ್ಟಿಯಾಗಿ ಹಿಡಿದೆವು. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಐದೂವರೆಗೆ ಏಳುವುದು. ಮಧ್ಯಾಹ್ನ ಅಲಾರಂ ಇಟ್ಟು ಅರ್ಧ ಗಂಟೆ ಮಲಗುವುದು, ಮೂರರ ಮೇಲೆ ಕಣ್ಣು ಮುಚ್ಚುವಂತಿಲ್ಲ. ನಾಲ್ಕಕ್ಕೆ ತಮಗಾಗಿ ಕಾಯುವವರಿರುವ ಜಾಗಕ್ಕೆ ಹೋಗುವುದು. ಮಿಕ್ಕಿದ್ದೆಲ್ಲ ಹಿಂದೆ ಮುಂದೆ ಆದರೂ ಪರವಾಗಿಲ್ಲ.

ವಾಕಿಂಗ್ ಮೊದಲ ದಿನವೇ ಐದು ಕಿಲೋಮೀಟರ್ ಹೋಗಿ ಮಂಡಿ ಹಿಡಿದುಕೊಂಡಿತ್ತು. ಅದನ್ನು ಒಡೆದೆವು. ಬೆಳಿಗ್ಗೆ 20 ನಿಮಿಷ, ರಾತ್ರಿ ಊಟವಾದ ಮೇಲೆ 10 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕಡೇಪಕ್ಷ 150 ನಿಮಿಷ. ಐದು ದಿನ ನಡೆದರೆ ಅಷ್ಟಾಗುತ್ತದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು.

ಹವ್ಯಾಸದಲ್ಲಿ ಎಡವಿದೆವು. ಯಾರೋ ಹೇಳಿದರೆಂದು ಹನ್ನೆರಡು ಕುಂಡ ತಂದರು. ಗಿಡ ಒಣಗಿದವು, ಹೆಂಡತಿಗೆ ಕೆಲಸ ಜಾಸ್ತಿಯಾಯಿತು. ಗಿಡಕ್ಕೆ ಇವತ್ತಲ್ಲ ನಾಳೆ ನೀರು ಹಾಕಿದರೂ ಅದು ಕೇಳುವುದಿಲ್ಲ, ಅಲ್ವಾ? ಡೈರಿಯಲ್ಲಿ ಎಂಟು ಅಂಕ ಬಂದದ್ದು ಇನ್ನೊಬ್ಬರಿಗೆ ಬೇಕಾದಾಗ. ಎರಡು ಬೀದಿ ಆಚೆ ಹಳೇ ಸಹೋದ್ಯೋಗಿಯೊಬ್ಬರಿದ್ದರು, ಕಣ್ಣು ಮಂಜಾಗಿತ್ತು. ನಾಲ್ಕಕ್ಕೆ ಹೋಗಿ ಅವರಿಗೆ ಪೇಪರ್ ಓದಿ ಹೇಳುವುದು, ಆಮೇಲೆ ಚೌಕಾಬಾರ. ಒಂದು ದಿನ ತಡವಾದರೆ ಅಲ್ಲಿಂದ ಫೋನ್ ಬರುತ್ತಿತ್ತು.

ಹೆಂಡತಿಗೆ ಹೇಳಿದ್ದು ಒಂದೇ ಮಾತು: "ಸುಮ್ನೆ ಕೂತಿದ್ದೀರಲ್ಲ ಅನ್ನಬೇಡಿ, ತರಕಾರಿ ತರೋ ಕೆಲಸ ಪೂರ್ತಿ ಬಿಟ್ಟುಕೊಡಿ, ಬಲಿತ ಬೆಂಡೆಕಾಯಿ ತಂದರೂ ಸೈ." ಅವರಿಗೆ ಇದೇ ಕಷ್ಟವಾಯಿತು.

ಆರು ವಾರಕ್ಕೆ ಮೂರಕ್ಕೆ ಏಳುವುದು ವಾರದಲ್ಲಿ ಎರಡು ರಾತ್ರಿಗೆ ಇಳಿಯಿತು. ನಾಲ್ಕು ಗಂಟೆಯ ಅಂಕ ಆರು, ಏಳು. ಭಾನುವಾರ ಮಾತ್ರ ಇನ್ನೂ ಮೂರರಲ್ಲೇ ಇದೆ. ಆ ಸ್ನೇಹಿತರ ಮನೆಗೆ ಅವತ್ತು ಮಕ್ಕಳು ಬರುತ್ತಾರೆ, ಇವರು ಹೋಗಲು ಹಿಂಜರಿಯುತ್ತಾರೆ. ಮುಂದಿನ ಭೇಟಿಯಲ್ಲಿ ಭಾನುವಾರವನ್ನೇ ನೋಡಬೇಕು.